ಮೂರು ತಿಂಗಳ ಡಾಲರ್-ಯೆನ್ ಫಾರ್ವರ್ಡ್: ನನ್ನ ಲೆಕ್ಕಕ್ಕೂ ಬ್ಯಾಂಕ್ ಹೇಳಿದ ದರಕ್ಕೂ 24 ಪಿಪ್ ಅಂತರ ಏಕೆ?

ಕಿರುಗಣಿತ

ನಮ್ಮ ಸಂಸ್ಥೆಗೆ ಮೂರು ತಿಂಗಳ ನಂತರ 10 ಲಕ್ಷ ಡಾಲರ್ ಬರಲಿದೆ. ಖರ್ಚೆಲ್ಲ ಯೆನ್‌ನಲ್ಲಿ. ಡಾಲರ್ ಬಿದ್ದರೆ ಪೆಟ್ಟು ನಮಗೇ ಆದ್ದರಿಂದ, ಅವನ್ನು ಇಂದೇ ಫಾರ್ವರ್ಡ್‌ನಲ್ಲಿ, ಅಂದರೆ ಮೂರು ತಿಂಗಳ ನಂತರದ ವಿನಿಮಯಕ್ಕೆ ದರವನ್ನು ಇಂದೇ ನಿಗದಿ ಮಾಡಿ, ಮಾರಿಬಿಡಬೇಕೆಂದು ತೀರ್ಮಾನವಾಗಿದೆ. ಬ್ಯಾಂಕಿಗೆ ಫೋನ್ ಮಾಡುವ ಮೊದಲು ನ್ಯಾಯವಾದ ದರ ಎಷ್ಟಿರಬೇಕೆಂದು ನಾನೇ ಲೆಕ್ಕ ಹಾಕಿದೆ. ಇಂದಿನ ವಿನಿಮಯ ದರ, ಅಂದರೆ ಸ್ಪಾಟ್ ದರ, ಡಾಲರಿಗೆ 150.00 ಯೆನ್, ಡಾಲರ್ ಬಡ್ಡಿ ವರ್ಷಕ್ಕೆ 5.25%, ಯೆನ್ ಬಡ್ಡಿ 0.25%, ಅವಧಿ 90 ದಿನ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಇಲ್ಲಿ ಸ್ವಲ್ಪ ದುಂಡಾಗಿಸಿದ್ದೇನೆ.

```
F = 150 × (1 + 0.0025 × 90/360) / (1 + 0.0525 × 90/360)
  = 150 × 1.000625 / 1.013125
  = 148.149
```

ಬ್ಯಾಂಕ್ ಕೊಟ್ಟ ದರ 147.91. ಡಾಲರಿಗೆ ಸುಮಾರು 0.24 ಯೆನ್ ಕಡಿಮೆ, ಅಂದರೆ 24 ಪಿಪ್, 10 ಲಕ್ಷ ಡಾಲರಿಗೆ 2,39,000 ಯೆನ್ ನಷ್ಟ. ಇಷ್ಟೂ ಬ್ಯಾಂಕಿನ ಲಾಭವೇ? ಅಥವಾ ಸೂತ್ರ ಹೇಳದೆ ಬಿಟ್ಟದ್ದು ಏನಾದರೂ ಇದೆಯೇ? ನಾಳೆ ಮಧ್ಯಾಹ್ನದೊಳಗೆ ಒಪ್ಪಿಗೆ ಹೇಳಬೇಕು.

ಧ್ರುವತಾರೆ

ನಿಮ್ಮ ಭಾಗಾಕಾರವೇ ತಲೆಕೆಳಗಾಗಿದೆ ಎನಿಸುತ್ತದೆ. ಹೆಚ್ಚು ಬಡ್ಡಿ ಕೊಡುವ ನಾಣ್ಯದ ಕಡೆಗೆ ಎಲ್ಲರೂ ಹಣ ಒಯ್ಯುತ್ತಾರೆ, ಹಾಗಾಗಿ ಆ ನಾಣ್ಯ ಬಲಗೊಳ್ಳುತ್ತದೆ. ಡಾಲರ್ ಬಡ್ಡಿ 5.25% ಇರುವಾಗ ಮೂರು ತಿಂಗಳ ನಂತರದ ಡಾಲರ್ ಇಂದಿನದಕ್ಕಿಂತ ದುಬಾರಿಯಾಗಬೇಕಲ್ಲವೇ? 1.013125 ಮೇಲೆ ಬರಬೇಕು, 1.000625 ಕೆಳಗೆ. ಆಗ ಸುಮಾರು 151.87 ಬರುತ್ತದೆ. ನಿಮ್ಮ ಬ್ಯಾಂಕ್ ನಾಲ್ಕು ಯೆನ್‌ನಷ್ಟು ಹೊಡೆಯುತ್ತಿದೆ.

ಹಳೆ ಡೆಸ್ಕ್

ಧ್ರುವತಾರೆಯವರೇ, ಹೆಚ್ಚು ಬಡ್ಡಿಯ ಕಡೆಗೆ ಹಣ ಹರಿಯುತ್ತದೆ ಎಂಬುದು ಸ್ಪಾಟ್ ದರದ ಮಟ್ಟಿಗೆ ಎಷ್ಟೋ ಸಲ ನಿಜ. ಫಾರ್ವರ್ಡ್ ದರ ಹುಟ್ಟುವುದು ಅಲ್ಲಿಂದಲ್ಲ. ನೀವು ಹೇಳಿದ 151.87ಕ್ಕೆ ಯಾರಾದರೂ ಇಂದು ಫಾರ್ವರ್ಡ್ ಡಾಲರ್ ಕೊಳ್ಳಲು ಸಿದ್ಧರಿದ್ದಾರೆ ಎಂದುಕೊಳ್ಳಿ. ನಾನು 15 ಕೋಟಿ ಯೆನ್ ಸಾಲ ಪಡೆಯುತ್ತೇನೆ, ಸ್ಪಾಟ್‌ನಲ್ಲಿ 10 ಲಕ್ಷ ಡಾಲರ್ ಕೊಳ್ಳುತ್ತೇನೆ, ಡಾಲರನ್ನು 5.25ಕ್ಕೆ ಠೇವಣಿ ಇಡುತ್ತೇನೆ, ಅಸಲು-ಬಡ್ಡಿ ಸೇರಿ ಬರುವ ಡಾಲರನ್ನು ಅದೇ ಗಳಿಗೆಯಲ್ಲಿ 151.87ಕ್ಕೆ ಫಾರ್ವರ್ಡ್ ಮಾರುತ್ತೇನೆ. ಅವಧಿ ಮುಗಿದಾಗ ಯೆನ್ ಸಾಲ ತೀರಿಸಿ ಸುಮಾರು 38 ಲಕ್ಷ ಯೆನ್ ಕೈಯಲ್ಲಿ ಉಳಿಯುತ್ತದೆ. ಡಾಲರ್ ಏರಲಿ ಬೀಳಲಿ, ನನಗೆ ಸಂಬಂಧವಿಲ್ಲ. ಎಲ್ಲ ದರಗಳೂ ಮೊದಲ ದಿನವೇ ಬೀಗ ಹಾಕಿಯಾಗಿವೆ. ಇಂಥ ದರ ಒಂದು ಕ್ಷಣವೂ ನಿಲ್ಲುವುದಿಲ್ಲ.

ಡಾಲರ್ ಹಿಡಿದವನಿಗೆ ಬಡ್ಡಿಯಲ್ಲಿ ಸಿಗುವ ಹೆಚ್ಚುವರಿಯನ್ನು ಫಾರ್ವರ್ಡ್ ದರ ವಾಪಸ್ ಕಿತ್ತುಕೊಳ್ಳಬೇಕು. ಅದಕ್ಕೇ ಹೆಚ್ಚು ಬಡ್ಡಿಯ ನಾಣ್ಯ ಫಾರ್ವರ್ಡ್‌ನಲ್ಲಿ ಅಗ್ಗ. ಯಾವ ಬಡ್ಡಿ ಮೇಲೆ, ಯಾವುದು ಕೆಳಗೆ ಎಂಬ ಗೊಂದಲ ಬಂದರೆ ದರ ಯಾವ ನಾಣ್ಯದಲ್ಲಿ ಹೇಳಲಾಗಿದೆ ಎಂದು ನೋಡಿ. ಡಾಲರಿಗೆ ಇಷ್ಟು ಯೆನ್ ಎಂದು ಹೇಳುತ್ತಿದ್ದೇವೆ. ಅಂಶದಲ್ಲಿ ಯೆನ್ ಇದೆ, ಹಾಗಾಗಿ ಯೆನ್ ಬಡ್ಡಿ ಮೇಲೆ. ಕಿರುಗಣಿತರು ಬರೆದ ದಿಕ್ಕು ಸರಿಯಾಗಿಯೇ ಇದೆ.

ಅವರ 24 ಪಿಪ್ ಬೇರೆ ಕಡೆ ಅಡಗಿದೆ. ಅದನ್ನು ಹುಡುಕಲು ಎರಡು ಸಂಗತಿ ಬೇಕು. ಬ್ಯಾಂಕ್ ಹೇಳಿದ ಸ್ಪಾಟ್ ಮೌಲ್ಯ ದಿನಾಂಕ ಮತ್ತು ಫಾರ್ವರ್ಡ್ ಮೌಲ್ಯ ದಿನಾಂಕ, ಅಂದರೆ ಹಣ ಕೈ ಬದಲಾಯಿಸುವ ದಿನಗಳು, ಯಾವುವು? 5.25 ಮತ್ತು 0.25 ಎಲ್ಲಿಂದ ತೆಗೆದದ್ದು?

ಮೋಡಗಣ್ಣು

ನಾನು ಬಹಳ ದಿನಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಯೇ ಇದು. ಯೆನ್ ಸಾಲ 0.25ಕ್ಕೆ ಸಿಗುತ್ತದೆ, ಡಾಲರ್ ಠೇವಣಿ 5.25 ಕೊಡುತ್ತದೆ. ಹಾಗಾದರೆ ಯೆನ್ ಸಾಲ ತೆಗೆದು ಡಾಲರಿನಲ್ಲಿ ಇಟ್ಟರೆ ವರ್ಷಕ್ಕೆ 5% ಉಳಿಯುತ್ತದೆ ಎಂದಾಯಿತಲ್ಲ? ಫಾರ್ವರ್ಡ್ ದರ 148ಕ್ಕೆ ಇಳಿದಿದೆ ಎಂದರೆ ಮಾರುಕಟ್ಟೆಯ ಪ್ರಕಾರ ಯೆನ್ ಬಲಗೊಳ್ಳಲಿದೆ ಎಂದೇ ಅರ್ಥ ತಾನೇ? ಹಾಗಿದ್ದರೆ ಈಗ ಸಾಲ ಮಾಡುವುದು ತಪ್ಪೇ?

ಹಳೆ ಡೆಸ್ಕ್

ಮೋಡಗಣ್ಣು ಅವರೇ, ಕಿರುಗಣಿತರು ಕೇಳಿದ್ದು ಇದನ್ನಲ್ಲ. ಆದರೂ ಉತ್ತರಿಸುತ್ತೇನೆ, ಏಕೆಂದರೆ ಈ ಎರಡನ್ನೂ ಬೆರೆಸಿಕೊಂಡವರು ಹಣ ಕಳೆದುಕೊಳ್ಳುತ್ತಾರೆ.

ಕೊನೆಗೆ ಡಾಲರನ್ನು ಯಾವ ದರಕ್ಕೆ ಯೆನ್‌ಗೆ ತಿರುಗಿಸುತ್ತೇನೆಂದು ಮೊದಲೇ ನಿಗದಿ ಮಾಡಿಕೊಂಡರೆ ನಿಮ್ಮ ಆ 5% ಪೂರ್ತಿ ಫಾರ್ವರ್ಡ್ ದರದಲ್ಲಿ ಕರಗಿಹೋಗುತ್ತದೆ. ನಿಗದಿ ಮಾಡಿಕೊಳ್ಳದಿದ್ದರೆ 5% ಉಳಿಯಬಹುದು, ಅಥವಾ ಯೆನ್ ಏರಿ ಅದರ ಮೂರರಷ್ಟು ಹೋಗಲೂಬಹುದು. ನೀವು ಹೇಳುತ್ತಿರುವುದು ಎರಡನೆಯದು, ರಕ್ಷಣೆಯಿಲ್ಲದ ಆಟ. ಈ ಚರ್ಚೆಯಲ್ಲಿರುವ ಸೂತ್ರಕ್ಕೆ ಅದರ ಬಗ್ಗೆ ಹೇಳಲು ಏನೂ ಇಲ್ಲ.

ಇನ್ನು 148 ಎಂಬುದು ಭವಿಷ್ಯವಾಣಿಯೇ ಎಂಬ ಪ್ರಶ್ನೆ. ಅಲ್ಲ. 2023ರ ಆರಂಭದಲ್ಲಿ ಡಾಲರ್ ಸುಮಾರು 131 ಯೆನ್ ಇತ್ತು. ಬಡ್ಡಿ ಅಂತರದಿಂದಾಗಿ ಒಂದು ವರ್ಷದ ಫಾರ್ವರ್ಡ್ ಅದಕ್ಕಿಂತ ಸಾಕಷ್ಟು ಕೆಳಗಿತ್ತು. ಆ ವರ್ಷ ಮುಗಿಯುವಾಗ ಸ್ಪಾಟ್ ದರ ಸುಮಾರು 141. ಫಾರ್ವರ್ಡ್ ತೋರಿಸಿದ್ದು ಒಂದು ಕಡೆ, ಡಾಲರ್ ನಡೆದದ್ದು ಇನ್ನೊಂದು ಕಡೆ. ಆದರೂ ಫಾರ್ವರ್ಡ್ ಬೆಲೆ ಕಟ್ಟಿದವರ ಲೆಕ್ಕ ತಪ್ಪಿರಲಿಲ್ಲ, ಅವರು ಅಂದಾಜನ್ನೇ ಮಾಡಿರಲಿಲ್ಲ. ಇಂದಿನ ಸ್ಪಾಟ್, ಇಂದಿನ ಎರಡು ಬಡ್ಡಿಗಳು, ಎಷ್ಟು ದಿನ: ಅವರ ಮುಂದಿದ್ದದ್ದು ಇಷ್ಟೇ.

ಕಿರುಗಣಿತ

ಬ್ಯಾಂಕಿನ ಇಮೇಲ್ ಮತ್ತೆ ತೆಗೆದು ನೋಡಿದೆ. ಎರಡು ದಿನಾಂಕಗಳ ನಡುವೆ 92 ದಿನಗಳಿವೆ. ನಾನು ಮೂರು ತಿಂಗಳೆಂದರೆ 90 ಎಂದು ಹಿಡಿದಿದ್ದೆ. ಬಡ್ಡಿಗಳನ್ನು ತೆಗೆದುಕೊಂಡದ್ದು ಎರಡೂ ಕೇಂದ್ರ ಬ್ಯಾಂಕುಗಳು ಪ್ರಕಟಿಸಿದ ನೀತಿ ದರಗಳಿಂದ.

ಹಳೆ ಡೆಸ್ಕ್

ಮೊದಲ ಸುಳಿವು ಸಿಕ್ಕಿತು. ಇಂದು ಒಪ್ಪಂದ ಮಾಡಿದರೆ ಡಾಲರ್-ಯೆನ್ ಸ್ಪಾಟ್ ಹಣ ಕೈ ಬದಲಾಯಿಸುವುದು ಎರಡು ಕೆಲಸದ ದಿನಗಳ ನಂತರ. ಬಡ್ಡಿಯ ಗಡಿಯಾರ ಓಡಲು ಶುರುವಾಗುವುದು ಆ ದಿನದಿಂದ, ಇಂದಿನಿಂದಲ್ಲ. ಅಲ್ಲಿಂದ ಮೂರು ಕ್ಯಾಲೆಂಡರ್ ತಿಂಗಳು ಮುಂದಕ್ಕೆ ಹೋಗಬೇಕು. ಆ ದಿನ ಎರಡರಲ್ಲಿ ಯಾವುದೇ ದೇಶದಲ್ಲಿ ರಜೆಯಿದ್ದರೂ ಮುಂದಿನ ಕೆಲಸದ ದಿನಕ್ಕೆ ಜರುಗುತ್ತದೆ. ಜರುಗಿ ತಿಂಗಳೇ ದಾಟುವಂತಿದ್ದರೆ ಮಾತ್ರ ಹಿಂದಕ್ಕೆ ಬರುತ್ತದೆ. ಹಾಗಾಗಿ "ಮೂರು ತಿಂಗಳು" ಎಂಬುದು 89 ದಿನವೂ ಆಗಬಹುದು, 92 ಅಥವಾ ಅದಕ್ಕೂ ಮೇಲಾಗಬಹುದು.

ಈಗ 92 ದಿನ ಹಾಕಿ ನೋಡೋಣ. ಸೂತ್ರದ ಬದಲು ಹಣವನ್ನೇ ಹಿಂಬಾಲಿಸುತ್ತೇನೆ, ಬ್ಯಾಂಕಿನವನು ನಿಮ್ಮ ಫಾರ್ವರ್ಡ್ ಕೊಂಡ ಮೇಲೆ ಮಾಡುವುದು ಇದನ್ನೇ. ಮೂರು ತಿಂಗಳ ನಂತರ ನೀವು ಅವನಿಗೆ ಡಾಲರ್ ಕೊಡುತ್ತೀರಿ. ಅವನು ಇಂದೇ ಡಾಲರ್ ಸಾಲ ತೆಗೆದು, ಸ್ಪಾಟ್‌ನಲ್ಲಿ ಮಾರಿ, ಬಂದ ಯೆನ್‌ನ್ನು ಬಡ್ಡಿಗಿಡುತ್ತಾನೆ. 10 ಲಕ್ಷ ಡಾಲರ್ ಸಾಲ 92 ದಿನಕ್ಕೆ 10,13,416.67 ಡಾಲರ್ ಆಗುತ್ತದೆ. ಅದಕ್ಕೆ ಬದಲಾಗಿ ಸಿಕ್ಕ 15 ಕೋಟಿ ಯೆನ್ 15,00,95,833 ಆಗುತ್ತದೆ. ಕೊನೆಯ ದಿನ ಈ ಯೆನ್ ರಾಶಿ ಆ ಡಾಲರ್ ರಾಶಿಗೆ ಸಮವಾಗಬೇಕು. ಭಾಗಿಸಿದರೆ 148.109.

ಎರಡು ದಿನದ ವ್ಯತ್ಯಾಸಕ್ಕೇ ನಾಲ್ಕು ಪಿಪ್, 10 ಲಕ್ಷ ಡಾಲರಿಗೆ ಸುಮಾರು 40,600 ಯೆನ್. ಇದರಲ್ಲಿ ಬ್ಯಾಂಕಿನ ಕೈಚಳಕ ಏನೂ ಇಲ್ಲ.

360 ಅಥವಾ 365 ಎಂಬುದೂ ಇದೇ ಜಾತಿಯ ವಿಷಯ. ಡಾಲರಿನ ಹಣದ ಮಾರುಕಟ್ಟೆ ವರ್ಷಕ್ಕೆ 360 ದಿನ ಹಿಡಿಯುತ್ತದೆ. ಯೆನ್‌ನ ಓವರ್‌ನೈಟ್ ದರಕ್ಕೆ 365. ನಿಮ್ಮ ಲೆಕ್ಕದಲ್ಲಿ ಯೆನ್‌ಗೆ 365 ಹಾಕಿದರೆ ಉತ್ತರ ಒಂದು ಪಿಪ್‌ನ ಎಂಟನೇ ಒಂದು ಭಾಗದಷ್ಟೇ ಅಲುಗುತ್ತದೆ, ಏಕೆಂದರೆ ಬಡ್ಡಿಯೇ 0.25. ನಾನು ಅದನ್ನು ಬಿಟ್ಟುಬಿಟ್ಟಿದ್ದೇನೆ. ಆದರೆ ಪೌಂಡ್-ಡಾಲರ್ ಮಾಡುವಾಗ ಬಿಡಬೇಡಿ. ಪೌಂಡ್ ಕೂಡ 365ರ ನಾಣ್ಯ, ಬಡ್ಡಿ 5% ಇರುವಾಗ ಮೂರು ತಿಂಗಳಿಗೆ ಅಲ್ಲಿ ಎರಡು ಪಿಪ್ ತಪ್ಪಾಗುತ್ತದೆ.

ಎರಡನೆಯದು ನೀತಿ ದರ. ಅದು ಇಂದು ರಾತ್ರಿಯ ಬಡ್ಡಿ. ನಿಮಗೆ ಬೇಕಾದದ್ದು ಮುಂದಿನ 92 ರಾತ್ರಿಗಳ ಬಡ್ಡಿ. ನಡುವೆ ದರ ಕಡಿತವಾಗುತ್ತದೆಂದು ಮಾರುಕಟ್ಟೆ ನಂಬಿದ್ದರೆ ಮೂರು ತಿಂಗಳ ದರದಲ್ಲಿ ಅದು ಆಗಲೇ ಸೇರಿಕೊಂಡಿರುತ್ತದೆ. ಅವಧಿಯ ಅರ್ಧದಲ್ಲಿ ಡಾಲರ್ ಬಡ್ಡಿಯಲ್ಲಿ ಕಾಲು ಶೇಕಡಾ ಕಡಿತ ನಿರೀಕ್ಷಿತವಾಗಿದ್ದರೆ ನಿಮ್ಮ ಫಾರ್ವರ್ಡ್ ಸುಮಾರು ಐದು ಪಿಪ್ ಮೇಲಕ್ಕೆ ಹೋಗುತ್ತದೆ. ಮೊದಲೆಲ್ಲ ಇದಕ್ಕೆ ಬ್ಯಾಂಕುಗಳು ಪರಸ್ಪರ ಸಾಲ ಕೊಡುವ ದರವಾದ ಲಿಬೋರ್ ನೋಡುತ್ತಿದ್ದೆವು. ಡಾಲರ್ ಲಿಬೋರ್ ಬ್ಯಾಂಕುಗಳ ಸಮಿತಿ 2023ರ ಜೂನ್ ಕೊನೆಗೆ ನಿಂತುಹೋಯಿತು. ಈಗ ಮೂರು ತಿಂಗಳ ಓವರ್‌ನೈಟ್ ಇಂಡೆಕ್ಸ್ ಸ್ವಾಪ್ ದರ ನೋಡಿ, ಆ ಅವಧಿಯಲ್ಲಿ ಒಂದು ರಾತ್ರಿಯ ಬಡ್ಡಿ ಸರಾಸರಿ ಎಷ್ಟಿರುತ್ತದೆಂದು ಮಾರುಕಟ್ಟೆ ಹಿಡಿದಿದೆ ಎಂಬುದನ್ನು ಅದು ತೋರಿಸುತ್ತದೆ. ಡಾಲರಿನ ಒಂದು ರಾತ್ರಿಯ ಬಡ್ಡಿಗೆ `SOFR` ಎನ್ನುತ್ತಾರೆ, ಯೆನ್‌ನದಕ್ಕೆ `TONA`, ಅವುಗಳ ಮೇಲಿನ ಸ್ವಾಪ್ ನೋಡಿ.

ಕಿರುಗಣಿತ

ನೋಡಿದೆ. ಎರಡೂ ನಾನು ಹಾಕಿದ ಅಂಕಿಗಳಿಗೆ ಕೂದಲೆಳೆಯಷ್ಟು ಹತ್ತಿರ ಇವೆ, ಹಾಗಾಗಿ 5.25 ಮತ್ತು 0.25 ಎಂದೇ ಇಟ್ಟುಕೊಳ್ಳುತ್ತೇನೆ. 148.109 ಬಂದಿತು. ಬ್ಯಾಂಕ್ ಹೇಳಿದ 147.91ಕ್ಕೆ ಇನ್ನೂ 20 ಪಿಪ್ ಬಾಕಿ ಇದೆ. ಇದು ಕಮಿಷನ್ ಎಂದಾದರೆ ನಾನು ಜಗಳಕ್ಕೆ ಸಿದ್ಧ.

ಸಮಪಾತಳಿ

ಜಗಳವಾಡಿ. ಬಡ್ಡಿ ಸಮತೆ ಎಂಬುದು ಅರ್ಥಶಾಸ್ತ್ರದಲ್ಲಿ ಭೌತಶಾಸ್ತ್ರದ ನಿಯಮಕ್ಕೆ ಅತ್ಯಂತ ಹತ್ತಿರ ಬರುವ ಸಂಗತಿ. 1923ರಲ್ಲೇ ಅರ್ಥಶಾಸ್ತ್ರಜ್ಞ ಕೇನ್ಸ್ ಫಾರ್ವರ್ಡ್ ದರ ಬಡ್ಡಿ ಅಂತರಕ್ಕೆ ಅಂಟಿಕೊಳ್ಳುತ್ತದೆಂದು ವಿವರಿಸಿದ್ದರು. ಹಳೆ ಡೆಸ್ಕ್ ಅವರೇ ಮೇಲೆ ತೋರಿಸಿದ ಅಪಾಯವಿಲ್ಲದ ಲಾಭದ ವ್ಯವಹಾರ, ಅಂದರೆ ಆರ್ಬಿಟ್ರೇಜ್, ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಫಾರ್ವರ್ಡ್ 148.109ಕ್ಕಿಂತ ಕೆಳಗಿದ್ದರೆ ಡಾಲರನ್ನು ಸ್ಪಾಟ್‌ನಲ್ಲಿ ಮಾರಿ, ಯೆನ್ ಬಡ್ಡಿಗಿಟ್ಟು, ಫಾರ್ವರ್ಡ್‌ನಲ್ಲಿ ಡಾಲರ್ ವಾಪಸ್ ಕೊಂಡರೆ ಲಾಭ. ದೊಡ್ಡ ಬ್ಯಾಂಕುಗಳು ಇದನ್ನು ಬಿಡುವುದಿಲ್ಲ. ಆದ್ದರಿಂದ ಮಾರುಕಟ್ಟೆಯ ನಡು ದರ 148.109ರ ಒಂದೆರಡು ಪಿಪ್ ಆಚೀಚೆ ಇರಲೇಬೇಕು, ಉಳಿದದ್ದೆಲ್ಲ ನಿಮ್ಮ ಬ್ಯಾಂಕಿನ ಜೇಬಿಗೆ.

ಖಾತೆಕೀಲಿ

ಸಮಪಾತಳಿಯವರ ಮಾತು ನನ್ನ ಅನುಭವಕ್ಕೆ ಹೊಂದುವುದಿಲ್ಲ. ನಾನು ಒಂದು ಸಂಸ್ಥೆಯ ಖಜಾನೆ ವಿಭಾಗದಲ್ಲಿದ್ದೇನೆ. ನಮಗೆ ಯೆನ್ ಇದೆ, ಡಾಲರ್ ಬೇಕು. ವಾರ ವಾರವೂ ಯೆನ್ ಕೊಟ್ಟು ಡಾಲರ್ ತೆಗೆದುಕೊಂಡು ಮರುವಾರ ತಿರುಗಿಸುವ ಸ್ವಾಪ್ ಮಾಡುತ್ತೇವೆ. ಸಾಮಾನ್ಯ ವಾರಗಳಲ್ಲಿ ಬಡ್ಡಿ ಅಂತರದ ಮೇಲೆ ನಾವು ಹೆಚ್ಚುವರಿಯಾಗಿ ಕೊಡುವುದು ಒಂದು ಪಿಪ್‌ಗಿಂತ ಸ್ವಲ್ಪ ಮೇಲೆ. ಆದರೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಕೊನೆಯ ದಿನವನ್ನು ದಾಟುವ ವಾರ ಬಂದಾಗ ಅದು ಹಲವು ಪಟ್ಟು ಹಿಗ್ಗುತ್ತದೆ. ಅದೇ ಬ್ಯಾಂಕುಗಳು, ಅದೇ ನಾವು, ಬಡ್ಡಿಯೂ ಬದಲಾಗಿಲ್ಲ. ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಿಂದ ದರ ತರಿಸುತ್ತೇವೆ, ಎಲ್ಲವೂ ಒಟ್ಟಿಗೆ ಜಿಗಿಯುತ್ತವೆ. ಇದು ಒಬ್ಬನ ಕಮಿಷನ್ ಆಗಲು ಸಾಧ್ಯವಿಲ್ಲ. ಕಾರಣ ಏನೆಂದು ಮಾತ್ರ ನನಗೆ ಯಾರೂ ತೃಪ್ತಿಯಾಗುವಂತೆ ಹೇಳಿಲ್ಲ.

ಹಳೆ ಡೆಸ್ಕ್

ಖಾತೆಕೀಲಿಯವರು ಕೈ ಇಟ್ಟಿರುವ ಜಾಗದಲ್ಲೇ ಕಿರುಗಣಿತರ ಉಳಿದ 20 ಪಿಪ್‌ನ ದೊಡ್ಡ ಪಾಲು ಇದೆ.

ಸಮಪಾತಳಿಯವರೇ, 2007ರ ಮಧ್ಯದವರೆಗೂ ನಿಮ್ಮ ಮಾತು ಹೆಚ್ಚುಕಡಿಮೆ ಅಕ್ಷರಶಃ ನಿಜವಾಗಿತ್ತು. ಪ್ರಮುಖ ನಾಣ್ಯಗಳಲ್ಲಿ ಸೂತ್ರದ ದರ, ಮಾರುಕಟ್ಟೆಯ ದರ ಒಂದರ ಮೇಲೊಂದು ಕೂರುತ್ತಿದ್ದವು. 2008ರ ಬಿಕ್ಕಟ್ಟಿನಲ್ಲಿ ಅವು ಬೇರ್ಪಟ್ಟವು, ಅಮೆರಿಕದ ಫೆಡರಲ್ ರಿಸರ್ವ್ ಇತರ ಕೇಂದ್ರ ಬ್ಯಾಂಕುಗಳಿಗೆ ಅವುಗಳ ನಾಣ್ಯ ಪಡೆದು ಡಾಲರ್ ಕೊಡುವ ಸ್ವಾಪ್ ಸಾಲು ತೆರೆಯಬೇಕಾಯಿತು. ಬಿಕ್ಕಟ್ಟು ಮುಗಿದ ಮೇಲೂ ಅಂತರ ಪೂರ್ತಿ ಮುಚ್ಚಲಿಲ್ಲ. ಡೆಸ್ಕ್‌ನಲ್ಲಿ ಇದಕ್ಕೆ ಬೇಸಿಸ್ ಎನ್ನುತ್ತೇವೆ. ಯೆನ್ ಬೇಸಿಸ್ ಮೈನಸ್ 40 ಎಂದರೆ ಯೆನ್ ಕೊಟ್ಟು ಡಾಲರ್ ಪಡೆಯುವವನು ತನ್ನ ಯೆನ್ ಮೇಲೆ ಮಾರುಕಟ್ಟೆ ಬಡ್ಡಿಗಿಂತ 0.40% ಕಡಿಮೆ ಒಪ್ಪಿಕೊಳ್ಳುತ್ತಿದ್ದಾನೆ.

ಯಾರು ಒಪ್ಪಿಕೊಳ್ಳುತ್ತಾರೆ? ಜಪಾನಿನ ಜೀವವಿಮಾ ಕಂಪನಿಗಳು, ಬ್ಯಾಂಕುಗಳು. ಅವರ ಬಳಿ ಇರುವುದು ಯೆನ್, ಕೊಳ್ಳಬೇಕೆಂದಿರುವುದು ಅಮೆರಿಕದ ಬಾಂಡು, ವಿನಿಮಯದ ಅಪಾಯ ಬೇಡ. ಹಾಗಾಗಿ ಸ್ಪಾಟ್‌ನಲ್ಲಿ ಡಾಲರ್ ಕೊಂಡು ಫಾರ್ವರ್ಡ್‌ನಲ್ಲಿ ಮಾರುತ್ತಾರೆ, ಅವಧಿ ಮುಗಿದಾಗ ಮತ್ತೆ ಮುಂದೂಡುತ್ತಾರೆ. ಕಿರುಗಣಿತರೂ ಫಾರ್ವರ್ಡ್ ಡಾಲರ್ ಮಾರುವವರೇ, ಅದೇ ಸಾಲಿನಲ್ಲಿ ನಿಂತಿದ್ದಾರೆ. ಎಲ್ಲರೂ ಮಾರುವ ಕಡೆಯಲ್ಲೇ ನಿಂತರೆ ಫಾರ್ವರ್ಡ್ ದರ ಸೂತ್ರದ ಕೆಳಗೆ ಜಗ್ಗುತ್ತದೆ.

ಈಗ 0.25 ಜಾಗದಲ್ಲಿ ಮೈನಸ್ 0.15 ಹಾಕಿ:

```
F = 150 × (1 − 0.0015 × 92/360) / (1 + 0.0525 × 92/360)
  = 147.957
```

ಹದಿನೈದು ಪಿಪ್ ಇಲ್ಲೇ ಹೋಯಿತು. ಮೈನಸ್ 40 ಎಂಬುದು ನಾನು ಉದಾಹರಣೆಗೆ ಹಿಡಿದ ಅಂಕಿ, ಇಂದಿನ ಅಂಕಿಯನ್ನು ನೀವೇ ಬೆಲೆ ಪರದೆಯಲ್ಲಿ ನೋಡಿಕೊಳ್ಳಬೇಕು. ಇದನ್ನೇ ತಿರುಗಿಸಿ ಓದಬಹುದು: 147.957ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸ್ವಾಪ್ ಮೂಲಕ ಡಾಲರ್ ಪಡೆಯುವವನು ಕೊಡುತ್ತಿರುವ ಬಡ್ಡಿ ಸುಮಾರು 5.66%. ನೇರವಾಗಿ ಡಾಲರ್ ಸಾಲ ಸಿಗುವವನಿಗೆ 5.25.

ಸಮಪಾತಳಿ

ಅಲ್ಲಿಗೇ ಬಂದಿರಲ್ಲ. ಡಾಲರ್ 5.25ಕ್ಕೆ ಸಿಗುವ ಬ್ಯಾಂಕ್ ಅದನ್ನು ಸ್ವಾಪ್‌ನಲ್ಲಿ 5.66ಕ್ಕೆ ಕೊಡಬಹುದು. ಅಪಾಯವಿಲ್ಲದ 0.41%. ಏಕೆ ಕೊಡುವುದಿಲ್ಲ?

ಹಳೆ ಡೆಸ್ಕ್

ಕೊಡುತ್ತಾರೆ, ಆದರೆ ಮುಗಿಯದಷ್ಟು ಕೊಡಲಾಗದು. ಈ ವ್ಯವಹಾರ ಬ್ಯಾಂಕಿನ ಆಸ್ತಿ-ಹೊಣೆ ಪಟ್ಟಿಯನ್ನು ಎರಡೂ ಬದಿಯಲ್ಲಿ ಉಬ್ಬಿಸುತ್ತದೆ. ಬ್ಯಾಂಕುಗಳಿಗಾಗಿ ಇರುವ ಅಂತರರಾಷ್ಟ್ರೀಯ ಬಾಸೆಲ್ 3 ನಿಯಮಗಳಲ್ಲಿ ಲೀವರೇಜ್ ಅನುಪಾತ ಎಂಬುದಿದೆ, ಆಸ್ತಿ ಅಪಾಯದ್ದೋ ಅಲ್ಲವೋ ಎಂದು ಅದು ಕೇಳುವುದಿಲ್ಲ, ಒಟ್ಟು ಗಾತ್ರಕ್ಕೆ ಬಂಡವಾಳ ಇಡು ಎನ್ನುತ್ತದೆ. ಒಂದು ಬ್ಯಾಂಕ್ ತನ್ನ ಒಳಗಿನ ಲೆಕ್ಕದಲ್ಲಿ ಗಾತ್ರದ 5% ಬಂಡವಾಳ ಹಿಡಿಯುತ್ತದೆ ಎಂದುಕೊಳ್ಳಿ. 10 ಲಕ್ಷ ಡಾಲರಿನ ಈ ವ್ಯವಹಾರಕ್ಕೆ 50,000 ಡಾಲರ್ ಬಂಡವಾಳ ಕಟ್ಟಿಹಾಕಬೇಕು. ವರ್ಷಕ್ಕೆ ಸಿಗುವುದು 4,000 ಡಾಲರಿನ ಆಸುಪಾಸು. ಬಂಡವಾಳದ ಮೇಲೆ 8%, ಅದೂ ಖರ್ಚು ಕಳೆಯುವ ಮುನ್ನ. ಷೇರುದಾರರು 10% ಕೇಳುತ್ತಿದ್ದರೆ ಡೆಸ್ಕ್ ಮುಖ್ಯಸ್ಥ ಈ ವ್ಯವಹಾರಕ್ಕೆ ಸಹಿ ಹಾಕುವುದಿಲ್ಲ. ಅಪಾಯವಿಲ್ಲ ಎಂಬುದು ನಿಜ, ಪುಕ್ಕಟೆ ಎಂಬುದು ನಿಜವಲ್ಲ.

ನೀವು ಕೇನ್ಸ್ ಹೆಸರು ತೆಗೆದಿರಿ. ಆರ್ಬಿಟ್ರೇಜ್‌ಗೆ ಓಡಾಡುವ ಹಣ ಮಿತಿಯಿಲ್ಲದ್ದಲ್ಲ ಎಂದು ಅವರೂ ಆಗಲೇ ಹೇಳಿದ್ದರು.

ಖಾತೆಕೀಲಿಯವರ ವಾರಕ್ಕೂ ಇದೇ ಉತ್ತರ. ಹಲವು ದೇಶಗಳ ಬ್ಯಾಂಕುಗಳು ಆ ಅನುಪಾತವನ್ನು ವರದಿ ಮಾಡುವುದು ತ್ರೈಮಾಸಿಕದ ಕೊನೆಯ ದಿನದ ಚಿತ್ರದ ಮೇಲೆ. ಆ ಒಂದು ರಾತ್ರಿ ಪಟ್ಟಿ ತೆಳ್ಳಗೆ ಕಾಣಬೇಕು. ಹಾಗಾಗಿ ಆ ರಾತ್ರಿಯನ್ನು ದಾಟುವ ಡಾಲರ್ ಕೊಡಲು ಹಿಂಜರಿಯುತ್ತಾರೆ. ನಿಮ್ಮ ಸಾಮಾನ್ಯ ವಾರದ ಒಂದು ಚಿಲ್ಲರೆ ಪಿಪ್ ಎಂದರೆ ವಾರ್ಷಿಕ 0.40% ಬೇಸಿಸ್‌ಗೆ ಸರಿಹೊಂದುತ್ತದೆ, ಲೆಕ್ಕ ಹಾಕಿ ನೋಡಿ, 1.2 ಬರುತ್ತದೆ. ಅದು ಒಂಬತ್ತು ಪಿಪ್ ಆದರೆ ವಾರ್ಷಿಕವಾಗಿ 3% ದಾಟಿದಂತೆ. ಆದರೆ ಆ 3% ಏಳು ರಾತ್ರಿಗೂ ಹರಡಿಲ್ಲ, ಬಹುಪಾಲು ಒಂದೇ ರಾತ್ರಿಯ ಬೆಲೆ.

ಖಾತೆಕೀಲಿ

ಹಾಗಾದರೆ ಕಿರುಗಣಿತರ ಮೂರು ತಿಂಗಳ ದರದಲ್ಲೂ ಆ ರಾತ್ರಿ ಸೇರಿದೆಯೇ?

ಹಳೆ ಡೆಸ್ಕ್

ಸೇರಿದೆ. ಪೂರ್ತಿ ಮೂರು ತಿಂಗಳ ಒಪ್ಪಂದ ವರ್ಷದಲ್ಲಿ ಯಾವಾಗ ಮಾಡಿದರೂ ಒಂದಾದರೂ ತ್ರೈಮಾಸಿಕದ ಅಂಚನ್ನು ದಾಟುತ್ತದೆ. ಅದಕ್ಕೇ ಮೂರು ತಿಂಗಳ ದರದಲ್ಲಿ ಜಿಗಿತ ಕಾಣದು, ಅದು ಯಾವಾಗಲೂ ಒಳಗೇ ಇದೆ. ವರ್ಷಾಂತ್ಯ ಮಾತ್ರ ಬೇರೆ. ಅದು ಉಳಿದ ಮೂರಕ್ಕಿಂತ ದುಬಾರಿ, ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಮೂರು ತಿಂಗಳ ಒಪ್ಪಂದ ಡಿಸೆಂಬರ್ 31ನ್ನು ದಾಟಲು ಶುರುಮಾಡಿದ ದಿನ ಅದರಲ್ಲೂ ಮೆಟ್ಟಿಲು ಕಾಣಿಸುತ್ತದೆ. ಒಂದು ತಿಂಗಳ ದರದಲ್ಲಿ ಅದು ನವೆಂಬರ್ ಕೊನೆಗೆ, ವಾರದ ದರದಲ್ಲಿ ಡಿಸೆಂಬರ್ ಕೊನೆಯ ವಾರದಲ್ಲಿ.

ಕಿರುಗಣಿತರೇ, ನಿಮ್ಮ ಡಾಲರ್ ನಿಖರವಾಗಿ ಯಾವ ದಿನ ಬರುತ್ತದೆ? ಅಂಚಿಗೆ ಎರಡು ದಿನ ಮೊದಲೇ ಬರುವುದು ಖಚಿತವಿದ್ದರೆ ಮೌಲ್ಯ ದಿನಾಂಕವನ್ನು ಅದಕ್ಕೆ ಹೊಂದಿಸಿ. "ಮೂರು ತಿಂಗಳು" ಎಂಬ ದುಂಡು ಅವಧಿಯನ್ನೇ ಕೊಳ್ಳಬೇಕೆಂದಿಲ್ಲ, ಬ್ಯಾಂಕ್ ಯಾವ ಕೆಲಸದ ದಿನಕ್ಕಾದರೂ ದರ ಕೊಡುತ್ತದೆ.

ಧ್ರುವತಾರೆ

ನನ್ನ 151.87 ಏಕೆ ನಿಲ್ಲುವುದಿಲ್ಲವೆಂದು ಹಣದ ದಾರಿ ಹಿಡಿದು ನಾನೇ ಲೆಕ್ಕ ಮಾಡಿ ನೋಡಿದೆ, ಸರಿಯಾಗಿದೆ. ಒಂದು ಸಂಶಯ ಉಳಿದಿದೆ. ಬೇಸಿಸ್ ಯಾವಾಗಲೂ ಮೈನಸ್ ಆಗಿಯೇ ಇರುತ್ತದೆಯೇ? ಎಲ್ಲ ನಾಣ್ಯಗಳಿಗೂ ಇಷ್ಟು ಕಳೆಯುತ್ತಾ ಹೋಗಬಹುದೇ?

ಹಳೆ ಡೆಸ್ಕ್

ಬೇಡ. ಆಸ್ಟ್ರೇಲಿಯಾ ಡಾಲರಿನಲ್ಲಿ ದೀರ್ಘ ಅವಧಿಗೆ ಬೇಸಿಸ್ ಪ್ಲಸ್ ಆಗಿರುವುದು ವಾಡಿಕೆ. ಅಲ್ಲಿನ ಬ್ಯಾಂಕುಗಳು ಹೊರದೇಶಗಳಲ್ಲಿ ಅಮೆರಿಕದ ಡಾಲರ್ ಸಾಲ ಎತ್ತಿ ತಮ್ಮ ನಾಣ್ಯಕ್ಕೆ ತಿರುಗಿಸಿಕೊಳ್ಳುತ್ತವೆ, ಹಾಗಾಗಿ ಬೇಡಿಕೆಯ ಒತ್ತಡ ಎದುರು ದಿಕ್ಕಿನದು. ಯಾರಿಗೆ ಯಾವ ನಾಣ್ಯ ಬೇಕು ಎಂಬುದು ಚಿಹ್ನೆಯನ್ನು ತೀರ್ಮಾನಿಸುತ್ತದೆ, ಬ್ಯಾಂಕುಗಳ ಪಟ್ಟಿಯಲ್ಲಿ ಎಷ್ಟು ಜಾಗವಿದೆ ಎಂಬುದು ಗಾತ್ರವನ್ನು.

ಸಮಪಾತಳಿ

ಗಾತ್ರದ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ. 2008ರಲ್ಲಿ ಬಾಸೆಲ್ 3ರ ಲೀವರೇಜ್ ನಿಯಮ ಇರಲೇ ಇಲ್ಲ, ಆದರೂ ಅಂತರ ಬಹಳ ದೊಡ್ಡದಾಗಿತ್ತು. ಅದು ಬ್ಯಾಂಕುಗಳ ನಡುವಿನ ಅಪನಂಬಿಕೆ. ಈಗಿನ ಮೈನಸ್‌ನಲ್ಲೂ ಅದರ ಪಾಲು ಇರಬೇಕು. ಎಲ್ಲವನ್ನೂ ನಿಯಮದ ತಲೆಗೆ ಕಟ್ಟುವುದು ಸರಿಯಲ್ಲ.

ಹಳೆ ಡೆಸ್ಕ್

2008ರ ಮಟ್ಟಿಗೆ ಒಪ್ಪುತ್ತೇನೆ. ಆಗಿನ ಅಂತರದಲ್ಲಿ ಲಿಬೋರ್ ಒಳಗಿದ್ದ ಸಾಲದ ಅಪಾಯವೂ ಬೆರೆತಿತ್ತು, ಡಾಲರ್ ಯಾರಿಗೂ ಸಿಗದ ಭಯವೂ ಇತ್ತು. ಆದರೆ ತ್ರೈಮಾಸಿಕದ ಕೊನೆಯ ಒಂದು ರಾತ್ರಿ ಮಾತ್ರ ಬ್ಯಾಂಕುಗಳು ಪರಸ್ಪರ ನಂಬುವುದಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ನಂಬುತ್ತವೆ ಎಂದು ನೀವು ಹೇಳಲಾರಿರಿ. ಆ ಜಿಗಿತ ಪಟ್ಟಿಯದ್ದೇ. ಸಾಮಾನ್ಯ ದಿನದ 40ರಲ್ಲಿ ಎಷ್ಟು ಪಟ್ಟಿಯದ್ದು, ಎಷ್ಟು ಬೇಡಿಕೆಯದ್ದು, ಎಷ್ಟು ಅಪನಂಬಿಕೆಯದ್ದು ಎಂದು ಗೆರೆ ಎಳೆದು ಹೇಳಬಲ್ಲವರನ್ನು ನಾನು ಕಂಡಿಲ್ಲ.

ಸಮಪಾತಳಿ

ಗೆರೆ ಎಳೆಯಲಾಗದಿದ್ದರೆ ಅಪನಂಬಿಕೆಯ ಪಾಲು ದೊಡ್ಡದೆಂಬ ನನ್ನ ಅನುಮಾನವೂ ಹಾಗೇ ಉಳಿಯುತ್ತದೆ. 2020ರ ಮಾರ್ಚ್‌ನಲ್ಲಿ ಬೇಸಿಸ್ ಹಿಗ್ಗಿದಾಗ ಫೆಡರಲ್ ರಿಸರ್ವ್ ಸ್ವಾಪ್ ಸಾಲಿನ ಬೆಲೆಯನ್ನು ಓವರ್‌ನೈಟ್ ಸ್ವಾಪ್ ದರದ ಮೇಲೆ 0.50ರಿಂದ 0.25ಕ್ಕೆ ಇಳಿಸಿತು. ನಿಯಮ ಸಡಿಲಿಸಿದ್ದಕ್ಕಿಂತ ಡಾಲರ್ ಸಿಗುತ್ತದೆಂಬ ಭರವಸೆಯೇ ಅಂದು ಕೆಲಸ ಮಾಡಿತೆಂದು ನಾನು ನಂಬಿದ್ದೇನೆ.

ಕಿರುಗಣಿತ

ನಿಮ್ಮಿಬ್ಬರ ವಾದ ಮುಂದುವರಿಯಲಿ, ನನಗೆ ನಾಳೆಯ ಕೆಲಸಕ್ಕೆ ಬೇಕಾದಷ್ಟು ಸಿಕ್ಕಿದೆ. ಈಗ ನನ್ನ ಲೆಕ್ಕ ಹೀಗೆ ನಿಂತಿದೆ. 148.149ರಿಂದ 148.109ಕ್ಕೆ ದಿನಗಳು, 148.109ರಿಂದ 147.957ಕ್ಕೆ ಬೇಸಿಸ್. ಬ್ಯಾಂಕ್ ಹೇಳಿದ 147.91ಕ್ಕೆ ಉಳಿದದ್ದು ಐದು ಪಿಪ್‌ಗೆ ಸ್ವಲ್ಪ ಕಡಿಮೆ, ಸುಮಾರು 47,000 ಯೆನ್. ಬ್ಯಾಂಕಿನದು ಇಷ್ಟೇ ಎಂದುಕೊಳ್ಳಲೇ?

ಹಳೆ ಡೆಸ್ಕ್

ಬೇಸಿಸ್ ನಿಜವಾಗಿ 40 ಆಗಿದ್ದರೆ ಹೌದು. 35 ಆಗಿದ್ದರೆ ಬ್ಯಾಂಕಿನ ಪಾಲು ಇನ್ನೆರಡು ಪಿಪ್ ಹೆಚ್ಚು. ಖಚಿತಪಡಿಸಿಕೊಳ್ಳಲು ಒಂದು ನೇರ ದಾರಿ ಇದೆ. ಒಟ್ಟು ದರ ಕೇಳಬೇಡಿ. ಸ್ಪಾಟ್ ಎಷ್ಟು, ಅದಕ್ಕೆ ಪಿಪ್‌ಗಳಲ್ಲಿ ಕೂಡಿಸುವ ಫಾರ್ವರ್ಡ್ ಪಾಯಿಂಟ್ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಸ್ಪಾಟ್ ಕ್ಷಣ ಕ್ಷಣಕ್ಕೂ ಓಡುತ್ತದೆ, ಅದರ ಜೊತೆ ಬೆರೆಸಿಕೊಟ್ಟರೆ ಏನು ಎಲ್ಲಿ ಸೇರಿದೆ ಎಂದು ತಿಳಿಯದು. ಪಾಯಿಂಟ್‌ಗಳು ನಿಧಾನವಾಗಿ ಅಲುಗುತ್ತವೆ, ಹತ್ತು ನಿಮಿಷದ ಅಂತರದಲ್ಲಿ ಇನ್ನೊಂದು ಬ್ಯಾಂಕಿನದರ ಜೊತೆ ಪಕ್ಕದಲ್ಲಿಟ್ಟು ನೋಡಬಹುದು. ನಿಮ್ಮ ಲೆಕ್ಕದ ನಡು ಪಾಯಿಂಟ್ ಮೈನಸ್ 204.

ಕಿರುಗಣಿತ

ಈಗಷ್ಟೇ ಉತ್ತರ ಬಂದಿತು. 147.91 ಹೇಳಿದಾಗ ಅವರ ಸ್ಪಾಟ್ 149.97 ಇತ್ತಂತೆ, ಪಾಯಿಂಟ್ ಮೈನಸ್ 206. ಇನ್ನೊಂದು ಬ್ಯಾಂಕ್ ಇದೇ ಎರಡು ದಿನಾಂಕಗಳಿಗೆ ಮೈನಸ್ 205.5 ಹೇಳಿದೆ. ಅಂದರೆ ಪಾಯಿಂಟ್‌ಗಳಲ್ಲಿ ಚೌಕಾಸಿಗೆ ಜಾಗ ಅಷ್ಟಾಗಿ ಇಲ್ಲ, ಮೂರು ಪಿಪ್ ಇರುವುದು ಸ್ಪಾಟ್‌ನಲ್ಲಿ. ನಾಳೆ ಅಲ್ಲಿಯೇ ಕೇಳುತ್ತೇನೆ. ಡಾಲರ್ ಬರುವ ದಿನ ಅಂಚಿನ ನಂತರವೇ ಎಂದು ಗ್ರಾಹಕರು ಹೇಳಿದ್ದಾರೆ, ಆ ರಾತ್ರಿಯ ಬೆಲೆ ತಪ್ಪಿಸಿಕೊಳ್ಳಲಾಗುವುದಿಲ್ಲ.

ಮೋಡಗಣ್ಣು

ಒಂದೇ ಮಾತು ಕೇಳಿ ಸುಮ್ಮನಾಗುತ್ತೇನೆ. ಯೆನ್ ಸಾಲ ತೆಗೆದು ಫಾರ್ವರ್ಡ್‌ನಿಂದ ರಕ್ಷಣೆಯನ್ನೂ ಮಾಡಿಕೊಂಡರೆ, ಈ ಬೇಸಿಸ್‌ನಿಂದ ನನಗೆ ಲಾಭವೇ ನಷ್ಟವೇ?

ಹಳೆ ಡೆಸ್ಕ್

ನಷ್ಟ. ನೀವು ಡಾಲರನ್ನು ಫಾರ್ವರ್ಡ್ ಮಾರಬೇಕಾಗುತ್ತದೆ, 148.109ರ ಬದಲು 147.957ಕ್ಕೆ. ಯೆನ್ ಸಾಲಕ್ಕೆ 0.25 ಕೊಟ್ಟರೂ ಒಟ್ಟು ಖರ್ಚು 5.66% ಡಾಲರ್ ಸಾಲ ಮಾಡಿದಷ್ಟು, ಠೇವಣಿಯಿಂದ ಬರುವುದು 5.25.